4 ಚಾರ್ಜ್‌ಬ್ಯಾಕ್ ಬಂದ್ರೆ ರೇಟ್ 2.67% ಹೇಗಾಯ್ತು? 10.4, 13.1, 4853 ಕೋಡ್‌ಗಳನ್ನು ನೋಡಿದವರು ಹೇಳಿ

ಇಳಕಲ್_ಸೆರಗು

ಎಲ್ಲರಿಗೂ ನಮಸ್ಕಾರ. ನಾವು ಇಳಕಲ್ ಸೀರೆಗಳನ್ನು ನಮ್ಮದೇ ಸೈಟ್‌ನಲ್ಲಿ ಮಾರುತ್ತೇವೆ. ಊರೊಳಗಿನ ಗಿರಾಕಿಗಳು ಯುಪಿಐ ಮಾಡುತ್ತಾರೆ, ಅಲ್ಲಿ ತಲೆನೋವಿಲ್ಲ. ಅಮೆರಿಕದಲ್ಲಿರುವ ನಮ್ಮವರು ಅಲ್ಲಿನ ಕಾರ್ಡ್‌ನಲ್ಲಿ ಕಟ್ಟುತ್ತಾರೆ. ತೊಂದರೆ ಅಲ್ಲೇ ಶುರುವಾಗಿದೆ.

ನವೆಂಬರ್‌ನಲ್ಲಿ 4 ಚಾರ್ಜ್‌ಬ್ಯಾಕ್ ಬಂದವು, ಅಂದರೆ ಗಿರಾಕಿಗಳು ತಕರಾರು ಹಾಕಿ ತಮ್ಮ ಬ್ಯಾಂಕ್ ಮೂಲಕ ಹಣ ವಾಪಸ್ ಎಳೆದುಕೊಂಡರು. ಎರಡಕ್ಕೆ 10.4 ಅಂತ ಕೋಡ್, ಒಂದಕ್ಕೆ 13.1, ಇನ್ನೊಂದಕ್ಕೆ 4853. ದುಡ್ಡು ನಮ್ಮ ಸೆಟಲ್‌ಮೆಂಟ್‌ನಿಂದ ಆಗಲೇ ಕಟ್ ಆಗಿದೆ, ಮೇಲೆ ಫೀ ಬೇರೆ. ಆಮೇಲೆ ಪೇಮೆಂಟ್ ಗೇಟ್‌ವೇಯವರ ಮೇಲ್ ಬಂತು: ನಿಮ್ಮ ಡಿಸ್ಪ್ಯೂಟ್ ರೇಟ್ 2.67%, ಹೀಗೇ ಮುಂದುವರಿದರೆ ಸೆಟಲ್‌ಮೆಂಟ್ ತಡೆಹಿಡಿಯುತ್ತೇವೆ ಅಂತ.

ವಿದೇಶಿ ಕಾರ್ಡ್ ಆರ್ಡರ್‌ಗಳ ಲೆಕ್ಕ ಇದು. ಸೆಪ್ಟೆಂಬರ್ 240, ಅಕ್ಟೋಬರ್ 600 (ದೀಪಾವಳಿ), ನವೆಂಬರ್ 150, ಡಿಸೆಂಬರ್ ಇದುವರೆಗೆ 120. ಬಂದ ಡಿಸ್ಪ್ಯೂಟ್: ಅಕ್ಟೋಬರ್‌ನಲ್ಲಿ 2, ನವೆಂಬರ್‌ನಲ್ಲಿ 4, ಡಿಸೆಂಬರ್‌ನಲ್ಲಿ 3. ಇಷ್ಟಕ್ಕೇ ಅಂಗಡಿ ಮುಚ್ಚಿಸ್ತಾರಾ? ಈ ಕೋಡ್‌ಗಳನ್ನು ಹೇಗೆ ಓದಬೇಕು?

ಮಲ್ಲೇಶ್ವರಂ_ಮಾಣಿ

ಸುಮ್ನೆ ಹೆದರಬೇಡಿ. ಓಟಿಪಿ ಇದ್ದರೆ ಚಾರ್ಜ್‌ಬ್ಯಾಕ್ ಬರೋದೇ ಇಲ್ಲ. ನಮ್ಮ ದೇಶದ ಕಾರ್ಡ್‌ಗಳಿಗೆ ರಿಸರ್ವ್ ಬ್ಯಾಂಕ್ ಓಟಿಪಿಯಂಥ ಎರಡನೇ ದೃಢೀಕರಣ ಕಡ್ಡಾಯ ಮಾಡಿರೋದೇ ಅದಕ್ಕೆ. ಅಮೆರಿಕದ ಕಾರ್ಡ್‌ಗೂ ಆನ್ ಮಾಡಿಸಿ, ಕಥೆ ಮುಗೀತು. ಈ ನಾಲ್ಕನ್ನೂ ಬಿಡದೆ ಹೋರಾಡಿ. ಗೆದ್ದರೆ ರೇಟ್ ತಾನಾಗಿ ಇಳಿಯುತ್ತೆ.

ಕರಾವಳಿ_ಗೇರು

ನನಗೂ ಇದೇ ಆಗಿದೆ. ಹೋದ ವಾರ ಅಂಗಡಿಯಲ್ಲಿ ಯುಪಿಐ ಮಾಡಿದೆ, 1,450 ರೂಪಾಯಿ ಖಾತೆಯಿಂದ ಹೋಯ್ತು, ಅಂಗಡಿಯವರಿಗೆ ಬರಲೇ ಇಲ್ಲ. ಚಾರ್ಜ್‌ಬ್ಯಾಕ್ ಹಾಕೋದು ಹೇಗೆ?

ಹಳೇ_ಡಿಸ್ಪ್ಯೂಟ್_ಡೆಸ್ಕ್

ಗೇರು ಅವರೇ, ನಿಮ್ಮದು ಬೇರೆ ವಿಷಯ. ಅದು ವಿಫಲವಾದ ವಹಿವಾಟು. ರಿಸರ್ವ್ ಬ್ಯಾಂಕ್ 2019ರಲ್ಲಿ ಮಾಡಿದ ನಿಯಮದ ಪ್ರಕಾರ, ಅಂಗಡಿಗೆ ಕಟ್ಟಿದ ಯುಪಿಐ ಹಣ ತಲುಪದೇ ಹೋದರೆ ವಹಿವಾಟಿನ ದಿನದಿಂದ 5 ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಆಪ್‌ನಲ್ಲೇ ಆ ವಹಿವಾಟನ್ನು ತೆರೆದು ದೂರು ಹಾಕಿ, ನಂಬರ್ ಇಟ್ಟುಕೊಳ್ಳಿ.

ಈಗ ಸೆರಗು ಅವರ ವಿಷಯ. ನಾನು ಬೆಂಗಳೂರಿನಲ್ಲಿ ಒಂದು ವಿದೇಶಿ ಬ್ಯಾಂಕಿನ ಡಿಸ್ಪ್ಯೂಟ್ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. ಕಾರ್ಡ್ ಕೊಟ್ಟ ಬ್ಯಾಂಕಿನ ಕಡೆ, ಅಂದರೆ ನಿಮ್ಮ ಎದುರು ಪಕ್ಷ. ಕೋಡ್ ಹೇಗೆ ಹುಟ್ಟುತ್ತೆ ಅಂತ ಮೊದಲು ಹೇಳ್ತೀನಿ. ಅದು ಗೊತ್ತಾದರೆ ಅರ್ಧ ಗೊಂದಲ ಹೋಗುತ್ತೆ.

ಗಿರಾಕಿ ಬ್ಯಾಂಕಿಗೆ ಫೋನ್ ಮಾಡುತ್ತಾರೆ, ಇಲ್ಲಾ ಆಪ್‌ನಲ್ಲಿ ವಹಿವಾಟಿನ ಮೇಲೆ ಒತ್ತುತ್ತಾರೆ. ಮೊದಲ ಪ್ರಶ್ನೆ: ಇದನ್ನು ನೀವೇ ಮಾಡಿದ್ದಾ? "ಇಲ್ಲ" ಅಂದ ಕೂಡಲೇ ಅದು ವಂಚನೆ ಸಾಲಿಗೆ ಹೋಗುತ್ತದೆ. ವೀಸಾದಲ್ಲಿ ಆ ಸಾಲು 10, ಅದರಲ್ಲಿ ಕಾರ್ಡ್ ಎದುರಿಗಿಲ್ಲದ ಆನ್‌ಲೈನ್ ವಹಿವಾಟಿಗೆ 10.4. "ಹೌದು, ನಾನೇ ಮಾಡಿದ್ದು, ಆದರೆ..." ಅಂದರೆ 13ರ ಸಾಲು. ಸಾಮಾನು ಬರಲಿಲ್ಲ ಅಂದರೆ 13.1, ಹೇಳಿದ ಹಾಗೆ ಇರಲಿಲ್ಲ ಅಂದರೆ 13.3, ರಿಫಂಡ್ ಕೊಡ್ತೀನಿ ಅಂದವರು ಕೊಡಲಿಲ್ಲ ಅಂದರೆ 13.6. ನಡುವಿನ 11 ಮತ್ತು 12 ಅನುಮತಿ ಮತ್ತು ಲೆಕ್ಕದ ತಪ್ಪುಗಳಿಗೆ, ಉದಾಹರಣೆಗೆ ಎರಡು ಸಲ ಕಟ್ ಆದದ್ದು. ನಿಮಗೆ ಅವು ಸದ್ಯಕ್ಕೆ ಬೇಡ.

ಮಾಸ್ಟರ್‌ಕಾರ್ಡ್ ಇಷ್ಟು ಬಿಡಿಸಿ ಹೇಳುವುದಿಲ್ಲ. ವಂಚನೆಗೆ 4837. ಗಿರಾಕಿಯ ಹೆಚ್ಚಿನ ತಕರಾರುಗಳೆಲ್ಲ 4853 ಅನ್ನೋ ಒಂದೇ ಮೂಟೆಯೊಳಗೆ. ಹಾಗಾಗಿ 4853 ಬಂದಾಗ ಕೋಡ್ ನೋಡಿ ಉತ್ತರ ಬರೆಯಬೇಡಿ. ಜೊತೆಗೆ ಬಂದಿರುವ ಗಿರಾಕಿಯ ಮಾತನ್ನು ಓದಿ.

ಕೋಡ್ ಅಂದರೆ ಬ್ಯಾಂಕ್ ಹಾಕಿದ ಆರೋಪ, ಅಷ್ಟೇ. ನಿಜವಾಗಿ ಏನಾಯ್ತು ಅನ್ನೋದು ಅದರಲ್ಲಿ ಇರಲೇಬೇಕೆಂದಿಲ್ಲ. ಆದರೆ ಉತ್ತರ ಕೊಡಬೇಕಾದದ್ದು ಆ ಆರೋಪಕ್ಕೇ. 10.4ಕ್ಕೆ "ಪಾರ್ಸೆಲ್ ತಲುಪಿದೆ, ಇಗೋ ರಸೀದಿ" ಅಂತಷ್ಟೇ ಕಳಿಸುವವರು ಬಹಳ. ಬ್ಯಾಂಕ್ ಕೇಳ್ತಿರೋದು ಕಾರ್ಡ್ ಬಳಸಿದ್ದು ಯಾರು ಅಂತ. ಕದ್ದ ಕಾರ್ಡ್‌ನಲ್ಲಿ ತರಿಸಿದ ಪಾರ್ಸೆಲ್ ಕೂಡ ತಲುಪುತ್ತೆ, ಅಲ್ವಾ?

ಮಾಣಿ ಅವರಿಗೆ: ಓಟಿಪಿಯಂಥ ದೃಢೀಕರಣ ನಡೆದಿದ್ದರೆ ವಂಚನೆಯ ಹೊಣೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ದಾಟುತ್ತದೆ. ಅದು ಸರಿ. ಆದರೆ ಅದು 10.4 ಮತ್ತು 4837ಕ್ಕೆ ಮಾತ್ರ. ಸೀರೆ ಬರಲಿಲ್ಲ, ಬಣ್ಣ ಬೇರೆ ಅನ್ನೋ ತಕರಾರಿಗೆ ಓಟಿಪಿ ತಡೆಯಲ್ಲ. ಇನ್ನು ಗೆದ್ದರೆ ರೇಟ್ ಇಳಿಯುತ್ತೆ ಅಂದಿರಲ್ಲ, ಅದೂ ಹಾಗಿಲ್ಲ. ಡಿಸ್ಪ್ಯೂಟ್ ಬಂದ ದಿನವೇ ಎಣಿಕೆಗೆ ಸೇರುತ್ತೆ. ಗೆದ್ದರೆ ದುಡ್ಡು ವಾಪಸ್ ಬರುತ್ತೆ, ಎಣಿಕೆ ಸಾಮಾನ್ಯವಾಗಿ ಹಾಗೇ ಇರುತ್ತೆ.

ಸೆರಗು ಅವರೇ, ನಾಲ್ಕರ ವಿವರ ಹಾಕಿ. ಹೆಸರು, ವಿಳಾಸ ಬೇಡ.

ಇಳಕಲ್_ಸೆರಗು

ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ವಿವರ ಇಲ್ಲಿದೆ.

ಮೊದಲ 10.4: ನಮ್ಮ ಹಳೇ ಗಿರಾಕಿ. ಯುಗಾದಿಗೆ ಮಾರ್ಚ್ 20ರಂದು, ವರಮಹಾಲಕ್ಷ್ಮಿಗೆ ಜುಲೈ 14ರಂದು, ದೀಪಾವಳಿಗೆ ಅಕ್ಟೋಬರ್‌ನಲ್ಲಿ ತರಿಸಿದ್ದಾರೆ. ಅದೇ ಮನೆ, ಅದೇ ಲಾಗಿನ್. ಡಿಸ್ಪ್ಯೂಟ್ ಬಂದದ್ದು ನವೆಂಬರ್ 18. ಅವರು "ನಾನು ಮಾಡಿಲ್ಲ" ಅಂದರೆ ಹೇಗೆ?

ಎರಡನೇ 10.4: ಹೊಸಬರು. ಒಂದೇ ಸಲಕ್ಕೆ 5 ಸೀರೆ, ಬೇಗ ಕಳಿಸಿ ಅಂತ ಮೇಲ್. ಬಿಲ್ಲಿಂಗ್ ವಿಳಾಸ ಒಂದು ರಾಜ್ಯ, ಕಳಿಸಬೇಕಾದ ವಿಳಾಸ ಇನ್ನೊಂದು ರಾಜ್ಯ.

13.1: ಪಾರ್ಸೆಲ್ ಅಮೆರಿಕ ತಲುಪಿತು. ಕೊರಿಯರ್‌ನವರು ಸುಂಕ ಕೇಳಿದರು. ಗಿರಾಕಿ ಕಟ್ಟಲಿಲ್ಲ. ಅಲ್ಲೇ ಕೂತಿದೆ.

4853: ಸೀರೆ ಕೈಸೇರಿದೆ. "ಸಿಲ್ಕ್ ಅಂದಿದ್ದರು, ಇದು ಸಿಲ್ಕ್ ಅಲ್ಲ" ಅಂತ ಬ್ಯಾಂಕಿಗೆ ಬರೆದಿದ್ದಾರೆ. ನಮ್ಮ ಪುಟದಲ್ಲಿ "ಸಿಲ್ಕ್ ಮಿಕ್ಸ್" ಅಂತ ಇತ್ತು. ಮೈ ಹತ್ತಿ, ಅಂಚು ಸೆರಗು ಆರ್ಟ್ ಸಿಲ್ಕ್.

ಡಲ್ಲಾಸ್_ಕನ್ನಡತಿ

ಗಿರಾಕಿ ಕಡೆಯಿಂದ ಒಂದು ಮಾತು. ಕಾರ್ಡ್ ಸ್ಟೇಟ್‌ಮೆಂಟ್‌ನಲ್ಲಿ ನಿಮ್ಮ ಹೆಸರು ಹೇಗೆ ಬರುತ್ತೆ ನೋಡಿದ್ದೀರಾ? ನಾನು ಒಂದು ಕಡೆ ಉಪ್ಪಿನಕಾಯಿ ತರಿಸಿದ್ದೆ. ಸ್ಟೇಟ್‌ಮೆಂಟ್‌ನಲ್ಲಿ ಯಾವುದೋ ಎಂಟರ್‌ಪ್ರೈಸಸ್ ಅಂತ ಬಂತು. ನಮ್ಮ ಯಜಮಾನರು ನೋಡಿ, ಇದು ಯಾರು ಅಂತ ಗೊತ್ತಾಗದೆ, ಆಪ್‌ನಲ್ಲಿ "ಗೊತ್ತಿಲ್ಲ" ಒತ್ತೇಬಿಟ್ಟರು. ನನ್ನನ್ನು ಕೇಳಲೂ ಇಲ್ಲ. ಎರಡೇ ಒತ್ತಿಗೆ ಆಗಿಹೋಗುತ್ತೆ ಇಲ್ಲಿ.

ಇಳಕಲ್_ಸೆರಗು

ಅಯ್ಯೋ ಅಕ್ಕ, ಅದೇ ಇರಬೇಕು. ನಮ್ಮದು ಮಾವನವರ ಹೆಸರಿನ ಹಳೇ ಫರ್ಮ್. ಸ್ಟೇಟ್‌ಮೆಂಟ್‌ನಲ್ಲಿ ಆ ಹೆಸರೇ ಹೋಗ್ತಿದೆ. ಸೈಟಿನ ಹೆಸರು ಎಲ್ಲೂ ಇಲ್ಲ.

ಹಳೇ_ಡಿಸ್ಪ್ಯೂಟ್_ಡೆಸ್ಕ್

ಕನ್ನಡತಿ ಅವರು ಹೇಳಿದ್ದು ಸರಿಯಾದ ಜಾಗಕ್ಕೆ ಬಿತ್ತು. ಹಳೇ ಗಿರಾಕಿಯಿಂದ 10.4 ಬಂದರೆ ನಾನು ಮೊದಲು ಅನುಮಾನ ಪಡೋದು ಸ್ಟೇಟ್‌ಮೆಂಟ್‌ನ ಹೆಸರನ್ನೇ. ಗೇಟ್‌ವೇಗೆ ಬರೆದು ಅಲ್ಲಿ ಸೈಟಿನ ಹೆಸರು ಬರುವ ಹಾಗೆ ಮಾಡಿಸಿ. ಜಾಗ 20 ಚಿಲ್ಲರೆ ಅಕ್ಷರ ಅಷ್ಟೇ ಇರುತ್ತೆ, ಅದಕ್ಕೆ ಚಿಕ್ಕದಾಗಿ ಕೊಡಿ.

ಆ ಮೊದಲ ಫೈಲ್ ಗೆಲ್ಲುವಂಥದ್ದು. ವೀಸಾ 2023ರ ಏಪ್ರಿಲ್‌ನಿಂದ 10.4ಕ್ಕೆ ಒಂದು ದಾರಿ ಕೊಟ್ಟಿದೆ. ಅದೇ ಕಾರ್ಡ್‌ನಲ್ಲಿ ಹಿಂದೆ ಆದ ಎರಡು ವಹಿವಾಟು ತೋರಿಸಬೇಕು. ಎರಡೂ ಡಿಸ್ಪ್ಯೂಟ್ ದಿನಕ್ಕಿಂತ 120ರಿಂದ 365 ದಿನ ಹಳೆಯವಾಗಿರಬೇಕು, ವಂಚನೆ ಅಂತ ಯಾರೂ ದೂರು ಕೊಟ್ಟಿರಬಾರದು. ಈಗಿನ ಆರ್ಡರ್‌ಗೂ ಅವೆರಡಕ್ಕೂ ಕನಿಷ್ಠ ಎರಡು ಗುರುತು ಹೊಂದಬೇಕು: ಲಾಗಿನ್, ಕಳಿಸಿದ ವಿಳಾಸ, ಐಪಿ ವಿಳಾಸ, ಡಿವೈಸ್ ಗುರುತು. ಇದರಲ್ಲಿ ಒಂದು ಐಪಿ ಅಥವಾ ಡಿವೈಸ್ ಆಗಿರಲೇಬೇಕು.

ನಿಮ್ಮ ದಿನಗಳನ್ನು ಲೆಕ್ಕ ಹಾಕೋಣ. ನವೆಂಬರ್ 18ರಿಂದ ಹಿಂದಕ್ಕೆ, ಜುಲೈ 14ಕ್ಕೆ 127 ದಿನ. ಮಾರ್ಚ್ 20ಕ್ಕೆ 243 ದಿನ. ಎರಡೂ ಒಳಗೇ ಇವೆ. ಆ ಜುಲೈ ಆರ್ಡರ್ ಹಬ್ಬದ ಹಿಂದಿನ ದಿನ, ಆಗಸ್ಟ್ 7ಕ್ಕೆ, ಬಂದಿದ್ದರೆ 103 ದಿನ ಆಗಿ ಕೈ ಕೊಡ್ತಿತ್ತು. ಮನೆ ಮತ್ತು ಲಾಗಿನ್ ಒಂದೇ ಅಂದಿರಿ, ಸಂತೋಷ. ಆದರೆ ಅವೆರಡೇ ಸಾಲಲ್ಲ. ಮೂರೂ ಆರ್ಡರ್‌ನ ಐಪಿ ತೆಗೆದು ನೋಡಿ.

ಎರಡನೇ 10.4 ಬಿಟ್ಟುಬಿಡಿ. ಹೊಸಬರು, 5 ಸೀರೆ, ಅವಸರ, ಬೇರೆ ರಾಜ್ಯದ ವಿಳಾಸ. ಅದು ನಿಜವಾದ ವಂಚನೆಯ ಹಾಗೇ ಕಾಣುತ್ತೆ. ಹೋರಾಡಿದರೂ ನಿಮ್ಮ ಕೈಲಿ ತೋರಿಸೋಕೆ ಏನೂ ಇಲ್ಲ. ಆದರೆ ಅದನ್ನು ಒಪ್ಪಿಕೊಳ್ಳುವಾಗ ಡಿಸ್ಪ್ಯೂಟ್ ಪರದೆಯಲ್ಲೇ ಒಪ್ಪಿಕೊಳ್ಳಿ. ಕರುಣೆ ಬಂದು ಬೇರೆಯಾಗಿ ರಿಫಂಡ್ ಮಾಡಬೇಡಿ. ಹಣ ಆಗಲೇ ನಿಮ್ಮಿಂದ ಹೋಗಿದೆ. ರಿಫಂಡ್ ಮಾಡಿದರೆ ಎರಡನೇ ಸಲ ಹೋಗುತ್ತೆ.

ಮಲ್ಲೇಶ್ವರಂ_ಮಾಣಿ

ಸರಿ ಸರ್, ಗೆದ್ದರೂ ಎಣಿಕೆ ಇಳಿಯಲ್ಲ ಅನ್ನೋದು ನನಗೆ ಹೊಸದು. ಹಾಗಾದ್ರೆ 13.1ರಲ್ಲಿ ಯಾರದ್ದು ತಪ್ಪು? ಪಾರ್ಸೆಲ್ ಅಮೆರಿಕಕ್ಕೆ ಹೋಗಿದೆ, ಇವರ ಕೆಲಸ ಮುಗೀತು ತಾನೇ?

ಹಳೇ_ಡಿಸ್ಪ್ಯೂಟ್_ಡೆಸ್ಕ್

ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. 800 ಡಾಲರ್ ಒಳಗಿನ ಪಾರ್ಸೆಲ್‌ಗಳಿಗೆ ಅಮೆರಿಕದಲ್ಲಿ ಇದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ಕ್ಕೆ ನಿಂತಿತು. ನಮ್ಮ ಅಂಚೆಯವರು ಆಗಸ್ಟ್ ಕೊನೆಯಲ್ಲಿ ಅಮೆರಿಕಕ್ಕೆ ಬುಕಿಂಗ್ ನಿಲ್ಲಿಸಿ, ಅಕ್ಟೋಬರ್ ಮಧ್ಯದಲ್ಲಿ ಮತ್ತೆ ಶುರು ಮಾಡಿದರು. ಸರಿಯಾಗಿ ದೀಪಾವಳಿ ಆರ್ಡರ್‌ಗಳ ಹೊತ್ತು. ಅದುವರೆಗೆ ಸುಂಕವೇ ಕಟ್ಟದ ಗಿರಾಕಿಗೆ ಒಮ್ಮೆಲೇ ಬಿಲ್ ಬಂದರೆ ಸಿಟ್ಟು ಬರುತ್ತೆ.

ಸಾಮಾನು ಗಿರಾಕಿಯ ದೇಶದ ಕಸ್ಟಮ್ಸ್ ವಶದಲ್ಲಿದ್ದರೆ 13.1 ನಿಲ್ಲುವುದಿಲ್ಲ, ವೀಸಾ ನಿಯಮವೇ ಹಾಗಿದೆ. ಹಾಗಾಗಿ ಟ್ರ್ಯಾಕಿಂಗ್ ಪುಟದಲ್ಲಿ ಪಾರ್ಸೆಲ್ ಎಲ್ಲಿ, ಯಾಕೆ ನಿಂತಿದೆ ಅನ್ನೋ ಸಾಲು ಮುಖ್ಯ. "ಕಸ್ಟಮ್ಸ್‌ನಲ್ಲಿದೆ" ಅಂತ ಇದ್ದರೆ ನಿಮ್ಮ ಪರ. "ಗಿರಾಕಿ ನಿರಾಕರಿಸಿದರು, ಕೊರಿಯರ್ ಗೋದಾಮಿನಲ್ಲಿದೆ" ಅಂತ ಇದ್ದರೆ ವಾದ ಬೇರೆ. ಆಗ ಹಣ ಕಟ್ಟುವ ಪುಟದಲ್ಲಿ ಸುಂಕ ಗಿರಾಕಿಯದ್ದು ಅಂತ ಬರೆದಿತ್ತಾ ಅನ್ನೋದು ಬರುತ್ತೆ. ಆ ಪುಟದ ಚಿತ್ರ, ಗಿರಾಕಿಗೆ ಕಳಿಸಿದ ಮೇಲ್, ಟ್ರ್ಯಾಕಿಂಗ್, ಮೂರನ್ನೂ ಹಾಕಿ. ಉತ್ತರ ಒಂದು ಪುಟ ದಾಟಬಾರದು. ಫೈಲ್ ಓದುವವನಿಗೆ ದಿನಕ್ಕೆ ಇಂಥವು ರಾಶಿ ಬರುತ್ತವೆ. 14 ಪುಟ ಕಳಿಸಿದರೆ ಅವನು 14 ಪುಟ ಓದಲ್ಲ.

ಕೊನೆಯ ದಿನಾಂಕ ನೋಡಿಕೊಳ್ಳಿ. ವೀಸಾ 30 ದಿನ ಕೊಟ್ಟರೂ ಅದು ಅಂಗಡಿಯ ಕಡೆಯ ಬ್ಯಾಂಕಿಗೆ. ಗೇಟ್‌ವೇ ನಿಮಗೆ ಕೊಡೋದು ಅದಕ್ಕಿಂತ ಕಡಿಮೆ.

ಲೆಕ್ಕದ_ಲಕ್ಷ್ಮಿ

ಎಲ್ಲರೂ ಕೋಡ್ ಹಿಂದೆ ಬಿದ್ದಿರಿ. 2.67% ಬಗ್ಗೆ ಯಾರೂ ಮಾತಾಡಲಿಲ್ಲ. ನವೆಂಬರ್‌ನ 4 ಡಿಸ್ಪ್ಯೂಟ್‌ಗಳನ್ನು ನವೆಂಬರ್‌ನ 150 ಆರ್ಡರ್‌ನಿಂದ ಭಾಗಿಸಿದ್ದಾರೆ. ಅಷ್ಟೇ. ಆದರೆ ಆ ನಾಲ್ಕು ಯಾವ ತಿಂಗಳ ಮಾರಾಟದವು? ಸೆರಗು ಅವರೇ, ಪ್ರತಿ ಡಿಸ್ಪ್ಯೂಟ್‌ಗೂ ಮೂಲ ಆರ್ಡರ್ ತಿಂಗಳು ಹೇಳಿ.

ಇಳಕಲ್_ಸೆರಗು

ನವೆಂಬರ್‌ನ 4ರಲ್ಲಿ 3 ಅಕ್ಟೋಬರ್ ಆರ್ಡರ್, 1 ಸೆಪ್ಟೆಂಬರ್‌ನದು. ಡಿಸೆಂಬರ್‌ನ 3ರಲ್ಲಿ 2 ಅಕ್ಟೋಬರ್, 1 ನವೆಂಬರ್. ಅಕ್ಟೋಬರ್‌ನ 2ರಲ್ಲಿ ಒಂದು ಸೆಪ್ಟೆಂಬರ್, ಒಂದು ಅದೇ ತಿಂಗಳಿನದು.

ಲೆಕ್ಕದ_ಲಕ್ಷ್ಮಿ

ನೋಡಿ ಈಗ. ಅಕ್ಟೋಬರ್‌ನಲ್ಲಿ ಮಾರಿದ 600ರಲ್ಲಿ ಇದುವರೆಗೆ ತಕರಾರು ಬಂದದ್ದು 6. ಅಂದರೆ 1%. ಸೆಪ್ಟೆಂಬರ್‌ನ 240ರಲ್ಲಿ 2, ಅಂದರೆ 0.83%. ನವೆಂಬರ್‌ನ 150ರಲ್ಲಿ ಸದ್ಯಕ್ಕೆ 1, 0.67%. ಹಬ್ಬದಲ್ಲಿ ವ್ಯಾಪಾರ ಎರಡೂವರೆ ಪಟ್ಟಾಯ್ತು, ತಕರಾರುಗಳು ತಿಂಗಳು ಕಳೆದು ಬಂದವು, ಅಷ್ಟರಲ್ಲಿ ವ್ಯಾಪಾರ ಇಳಿದಿತ್ತು. ಮೇಲಿನ ಅಂಕಿ ಬಹುಪಾಲು ಅಕ್ಟೋಬರ್‌ನದು, ಕೆಳಗಿನ ಅಂಕಿ ನವೆಂಬರ್‌ನದು. 2.67% ಬಂದದ್ದು ಹಾಗೆ.

ನಾನು ಎರಡು ಹಾಳೆ ಇಡುತ್ತೇನೆ. `Orders` ಹಾಳೆಯಲ್ಲಿ A ಮಾರಿದ ದಿನ, B ಮಾರಿದ ತಿಂಗಳು. `Disputes` ಹಾಳೆಯಲ್ಲಿ A ಡಿಸ್ಪ್ಯೂಟ್ ಬಂದ ದಿನ, B ಬಂದ ತಿಂಗಳು, C ಮೂಲ ಆರ್ಡರ್ ಮಾರಿದ ತಿಂಗಳು, D ಕೋಡ್.

```
=TEXT(A2,"yyyy")&"M"&TEXT(A2,"mm")
=COUNTIF(Disputes!C:C,"2025M10")/COUNTIF(Orders!B:B,"2025M10")
=COUNTIF(Disputes!B:B,"2025M11")/COUNTIF(Orders!B:B,"2025M10")
```

ಮೊದಲ ಸಾಲು ತಿಂಗಳ ಗುರುತು ಮಾಡುತ್ತೆ. ನಡುವೆ M ಹಾಕಿರೋದು ಬೇಕಂತಲೇ, ಬರೀ 2025-10 ಅಂದರೆ ಶೀಟ್ ಅದನ್ನು ದಿನಾಂಕ ಅಂದುಕೊಂಡುಬಿಡಬಹುದು. ಎರಡನೇ ಸಾಲು ಅಕ್ಟೋಬರ್ ಮಾರಾಟದ ನಿಜವಾದ ರೇಟ್, 1%. ಮೂರನೆಯದು ನವೆಂಬರ್‌ನಲ್ಲಿ ಬಂದದ್ದನ್ನು ಹಿಂದಿನ ತಿಂಗಳ ಮಾರಾಟದಿಂದ ಭಾಗಿಸುತ್ತೆ, 0.67%. ಒಂದೇ ನಾಲ್ಕು ಡಿಸ್ಪ್ಯೂಟ್‌ಗೆ 2.67 ಮತ್ತು 0.67.

ಒಂದು ಎಚ್ಚರಿಕೆ. ಅಕ್ಟೋಬರ್‌ನ 1% ಇನ್ನೂ ಏರಬಹುದು. ವೀಸಾದಲ್ಲಿ ವಂಚನೆ ದೂರಿಗೆ ವಹಿವಾಟಿನಿಂದ 120 ದಿನ ಸಮಯ ಇದೆ. ಸಾಮಾನು ಬರಲಿಲ್ಲ ಅನ್ನೋದಕ್ಕೆ ಆ 120 ದಿನ ಬರಬೇಕಿದ್ದ ದಿನದಿಂದ ಶುರು. ಕನಿಷ್ಠ ಫೆಬ್ರವರಿ ಮುಗಿಯುವವರೆಗಾದರೂ ಅಕ್ಟೋಬರ್ ಸಾಲನ್ನು ಅಂತಿಮ ಅನ್ನಬೇಡಿ.

ಹಳೇ_ಡಿಸ್ಪ್ಯೂಟ್_ಡೆಸ್ಕ್

ಲಕ್ಷ್ಮಿ ಅವರ ಮೂರನೇ ಸಾಲೇ ಮಾಸ್ಟರ್‌ಕಾರ್ಡ್‌ನ ಲೆಕ್ಕ. ಅವರು ಈ ತಿಂಗಳ ಚಾರ್ಜ್‌ಬ್ಯಾಕ್‌ಗಳನ್ನು ಹಿಂದಿನ ತಿಂಗಳ ವಹಿವಾಟಿನಿಂದ ಭಾಗಿಸುತ್ತಾರೆ. ಆದರೆ ಅವರದ್ದನ್ನು ಮಾತ್ರ. ಹಾಳೆಯಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಅಂತ ಇನ್ನೊಂದು ಕಾಲಂ ಬೇಕು. ನವೆಂಬರ್‌ನಲ್ಲಿ ನಿಮಗೆ ಮಾಸ್ಟರ್‌ಕಾರ್ಡ್‌ನಿಂದ ಬಂದದ್ದು ಒಂದೇ. ಅವರು ನಿಗಾ ಇಡುವ ಅಂಗಡಿಗಳ ಪಟ್ಟಿಗೆ ಬೀಳಬೇಕಾದರೆ ತಿಂಗಳಿಗೆ 100 ಚಾರ್ಜ್‌ಬ್ಯಾಕ್ ಮತ್ತು 1.5%, ಎರಡೂ ಆಗಬೇಕು.

ವೀಸಾ 2025ರ ಏಪ್ರಿಲ್‌ನಿಂದ ಹಳೇ ಎರಡು ಪಟ್ಟಿಗಳನ್ನು ತೆಗೆದು ಒಂದು ಮಾಡಿದೆ. ಅದರಲ್ಲಿ ಡಿಸ್ಪ್ಯೂಟ್‌ಗಳ ಜೊತೆ ಬ್ಯಾಂಕುಗಳು ಕಳಿಸುವ ವಂಚನೆ ವರದಿಯನ್ನೂ ಕೂಡಿಸುತ್ತಾರೆ, ಅದಕ್ಕೆ ಟಿಸಿ40 ಅಂತಾರೆ. ಒಂದೇ ಆರ್ಡರ್‌ಗೆ ಟಿಸಿ40 ಬಂದು, ಆಮೇಲೆ 10.4 ಡಿಸ್ಪ್ಯೂಟ್ ಕೂಡ ಬಂದರೆ ಎರಡು ಅಂತ ಲೆಕ್ಕ. ಡಿಸ್ಪ್ಯೂಟ್ ಬರದೇ ಬರೀ ವರದಿ ಬಂದರೂ ಒಂದು. ನಿಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ಅದು ಕಾಣದೇ ಇರಬಹುದು, ಗೇಟ್‌ವೇಯನ್ನು ಕೇಳಿ. ಆದರೆ ಅಲ್ಲೂ ತಿಂಗಳಿಗೆ 1,500 ದಾಟಿದ ಮೇಲೆಯೇ ಅಂಗಡಿಯ ಹೆಸರು ಬರೋದು. ನೀವು ಎಲ್ಲಿ, ಅದು ಎಲ್ಲಿ.

ಮಲ್ಲೇಶ್ವರಂ_ಮಾಣಿ

ಹಾಗಾದ್ರೆ ಗೇಟ್‌ವೇಯವರು ಯಾಕೆ ಹೆದರಿಸೋದು?

ಹಳೇ_ಡಿಸ್ಪ್ಯೂಟ್_ಡೆಸ್ಕ್

ವೀಸಾ ಅಂಗಡಿಗಳನ್ನಷ್ಟೇ ಅಲ್ಲ, ಅಂಗಡಿಗಳ ಕಡೆಯ ಬ್ಯಾಂಕನ್ನೂ ಅಳೆಯುತ್ತೆ. ಅದರ ಕೆಳಗಿನ ಎಲ್ಲ ಅಂಗಡಿಗಳನ್ನು ಕೂಡಿಸಿದ ರೇಟ್ 0.5% ದಾಟಿದರೆ ಅವರಿಗೆ ಇಕ್ಕಟ್ಟು. ಹಾಗಾಗಿ ಅವರು ತಮ್ಮದೇ ಮಿತಿ ಇಟ್ಟು, ಚಿಕ್ಕ ಅಂಗಡಿಗಳನ್ನೂ ಹಿಡಿಯುತ್ತಾರೆ. ಆ ಮಿತಿ ನಿಮ್ಮ ಒಪ್ಪಂದದಲ್ಲಿ ಇರುತ್ತೆ. ಅವರಿಗೆ ಉತ್ತರ ಬರೆಯುವಾಗ ಮಾರಿದ ತಿಂಗಳ ಲೆಕ್ಕದ ಆ ಹಾಳೆಯನ್ನೇ ಜೋಡಿಸಿ, ಸ್ಟೇಟ್‌ಮೆಂಟ್‌ನ ಹೆಸರು ಬದಲಿಸಿದ್ದೀವಿ ಅಂತ ಹೇಳಿ. ಕೇಳೇ ಕೇಳ್ತಾರೆ ಅಂತ ನಾನು ಭರವಸೆ ಕೊಡಲ್ಲ.

ಡಲ್ಲಾಸ್_ಕನ್ನಡತಿ

ವಿದೇಶಿ ಕಾರ್ಡ್‌ಗೂ ಓಟಿಪಿ ಆನ್ ಮಾಡಿ ಅಂತ ಮಾಣಿ ಅಂದರಲ್ಲ. ಇಲ್ಲಿನವರಿಗೆ ಅದು ಅಭ್ಯಾಸ ಇಲ್ಲ. ಹಣ ಕಟ್ಟುವಾಗ ಬ್ಯಾಂಕಿನ ಪರದೆ ಬಂದರೆ ಎಷ್ಟೋ ಜನ ಮುಚ್ಚಿಬಿಡ್ತಾರೆ. ನಾನೇ ಮುಚ್ಚಿದ್ದೀನಿ.

ಹಳೇ_ಡಿಸ್ಪ್ಯೂಟ್_ಡೆಸ್ಕ್

ಅದೂ ನಿಜ. ಎಲ್ಲರಿಗೂ ಬೇಡ, ಹೊಸ ಗಿರಾಕಿ ಮತ್ತು ದೊಡ್ಡ ಮೊತ್ತಕ್ಕೆ ಮಾತ್ರ ಕೇಳುವ ಹಾಗೆ ಕೆಲವು ಗೇಟ್‌ವೇಗಳಲ್ಲಿ ಮಾಡಬಹುದು. ಆ 5 ಸೀರೆಯವರು ಅಲ್ಲೇ ಸಿಕ್ಕಿಬೀಳುತ್ತಿದ್ದರು.

ಲೆಕ್ಕದ_ಲಕ್ಷ್ಮಿ

4853 ಹಾಗೇ ಉಳಿಯಿತು. ನನ್ನ ಪ್ರಕಾರ ಅದನ್ನು ಬಿಟ್ಟುಕೊಡಬೇಕು. "ಸಿಲ್ಕ್ ಮಿಕ್ಸ್" ಅಂತ ಓದಿದ ಯಾರೂ ಆರ್ಟ್ ಸಿಲ್ಕ್ ಅಂದುಕೊಳ್ಳಲ್ಲ.

ಇಳಕಲ್_ಸೆರಗು

ಮೇಡಂ, ಬಜಾರಿನಲ್ಲಿ ಎಲ್ಲರೂ ಹಾಗೇ ಅನ್ನೋದು. ಬೆಲೆ ನೋಡಿದರೇ ಗೊತ್ತಾಗುತ್ತಲ್ಲ, 3,200ಕ್ಕೆ ಶುದ್ಧ ರೇಷ್ಮೆ ಅಂಚು ಎಲ್ಲಿ ಬರುತ್ತೆ?

ಡಲ್ಲಾಸ್_ಕನ್ನಡತಿ

ಇಳಕಲ್‌ನವರಿಗೆ ಗೊತ್ತಾಗುತ್ತೆ. ಇಲ್ಲಿ ಹುಟ್ಟಿ ಬೆಳೆದ ಹುಡುಗಿಗೆ ಎಲ್ಲಿ ಗೊತ್ತಾಗಬೇಕು?

ಹಳೇ_ಡಿಸ್ಪ್ಯೂಟ್_ಡೆಸ್ಕ್

ಇದರಲ್ಲಿ ನಾನು ಬಟ್ಟೆಯ ಮೇಲೆ ವಾದ ಮಾಡಲ್ಲ. ಬೇರೆ ಒಂದು ನೋಡಿ. ಹೇಳಿದ ಹಾಗೆ ಇಲ್ಲ ಅನ್ನೋ ತಕರಾರಿಗೆ ಮೊದಲು ಗಿರಾಕಿ ಅಂಗಡಿಯನ್ನು ಸಂಪರ್ಕಿಸಿರಬೇಕು, ಸಾಮಾನು ವಾಪಸ್ ಕೊಡಲು ಮುಂದಾಗಿರಬೇಕು. ಅವರಿಂದ ನಿಮಗೆ ಮೇಲ್, ವಾಟ್ಸಾಪ್ ಏನಾದರೂ ಬಂದಿತ್ತಾ? ಬಂದಿಲ್ಲದಿದ್ದರೆ ಉತ್ತರದಲ್ಲಿ ಆ ಒಂದೇ ವಿಷಯ ಬರೆಯಿರಿ, ಜೊತೆಗೆ ನಿಮ್ಮ ವಾಪಸಾತಿ ನಿಯಮದ ಪುಟ. ಬಂದಿದ್ದು ನೀವು ಉತ್ತರಿಸಿಲ್ಲ ಅಂದರೆ ಲಕ್ಷ್ಮಿ ಅವರು ಹೇಳಿದ್ದೇ ಸರಿ.

ಇಳಕಲ್_ಸೆರಗು

ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ್ದಾರೆ, ಕೆಳಗೆ "ಇದು ಸಿಲ್ಕಾ?" ಅಂತ. ಹುಡುಗ "ಹೌದು ಮೇಡಂ, ಸಿಲ್ಕ್ ಮಿಕ್ಸ್" ಅಂದಿದ್ದಾನೆ. ವಾಪಸ್ ಮಾತು ಇಬ್ಬರೂ ಎತ್ತಿಲ್ಲ. ಇದು ಸಂಪರ್ಕಿಸಿದ ಹಾಗೆ ಆಯ್ತಾ, ಇಲ್ವಾ?

ಹಳೇ_ಡಿಸ್ಪ್ಯೂಟ್_ಡೆಸ್ಕ್

ನಾನು ಬ್ಯಾಂಕಿನಲ್ಲಿದ್ದಾಗ ಇಂಥದ್ದನ್ನು ಆಯ್ತು ಅಂತಲೇ ತಗೋತಿದ್ದೆ. ಪಕ್ಕದ ಮೇಜಿನವರು ವಾಪಸ್ ಮಾತು ಇಲ್ಲ ಅಂತ ಬಿಡ್ತಿದ್ದರು. ಕೊನೆಯ ದಿನಾಂಕ ಯಾವಾಗ?

ಇಳಕಲ್_ಸೆರಗು

ನಾಡಿದ್ದು. 13.1 ಮತ್ತು ಮೊದಲ 10.4 ಫೈಲ್ ಇವತ್ತೇ ಹಾಕ್ತೀವಿ. ಐಪಿ ನೋಡಿದೆ: ಮಾರ್ಚ್ ಮತ್ತು ಅಕ್ಟೋಬರ್ ಒಂದೇ, ಜುಲೈ ಆರ್ಡರ್ ಬೇರೆ ಐಪಿಯಿಂದ ಬಂದಿದೆ. ಡಿವೈಸ್ ಗುರುತು ಇದೆಯಾ ಅಂತ ಗೇಟ್‌ವೇಯನ್ನು ಕೇಳಿದ್ದೀನಿ.